10ನೇ ದಿನ ಬಂದ ಜ್ವರ

ನಾನು ಎಂಬಿಬಿಎಸ್ ಎರಡನೇ ವರ್ಷದ ಮಕ್ಕಳಿಗೆ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಹೈಪರ್‌ಸೆನ್ಸಿಟಿವಿಟಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ ದೇಹಕ್ಕೇ ಹಾನಿ ಮಾಡುವುದು, ಅಂದ ಕೂಡಲೇ ಅವರಿಗೆ ನಾಲ್ಕು ಟೈಪ್‌ಗಳ ಪಟ್ಟಿ ನೆನಪಾಗುತ್ತದೆ. ಅನಾಫಿಲಾಕ್ಸಿಸ್ ಟೈಪ್ 1, ಗ್ರೂಪ್ ತಪ್ಪಿ ರಕ್ತ ಕೊಟ್ಟಾಗ ಆಗುವುದು ಟೈಪ್ 2, ಸೀರಮ್ ಸಿಕ್‌ನೆಸ್ ಟೈಪ್ 3, ಮಾಂಟೂ ಟೆಸ್ಟ್ ಟೈಪ್ 4. ಪ್ರಶ್ನೆಯಲ್ಲಿ ಕಾಯಿಲೆಯ ಹೆಸರಿದ್ದರೆ ಇಷ್ಟು ಸಾಕು. ಹೆಸರಿಲ್ಲದೆ ರೋಗಿಯ ಕತೆ ಬಂದರೆ ಎಡವುತ್ತಾರೆ.

ಈ ಪ್ರಶ್ನೆ ನೋಡಿ. ಗದ್ದೆಯಲ್ಲಿ ಹಾವು ಕಚ್ಚಿದ ರೈತನಿಗೆ ಆಂಟಿ ಸ್ನೇಕ್ ವೆನಮ್ ಕೊಟ್ಟರು. ಹುಷಾರಾಗಿ ಮನೆಗೆ ಹೋದ. 10ನೇ ದಿನ ಜ್ವರ, ಕೀಲು ನೋವು, ಮೈಮೇಲೆಲ್ಲಾ ಪಿತ್ತದ ಗಂಧೆ. ಯಾವ ಟೈಪ್?

ಜಾಸ್ತಿ ಮಕ್ಕಳು ಟೈಪ್ 1 ಎನ್ನುತ್ತಾರೆ. ಗಂಧೆ, ತುರಿಕೆ ಕಂಡರೆ ಅಲರ್ಜಿ ಅಂತಲೇ ಅಲ್ವಾ ನಮ್ಮ ರೂಢಿ! ಆದರೆ ಟೈಪ್ 1 ಸಾಮಾನ್ಯವಾಗಿ ನಿಮಿಷಗಳಲ್ಲಿ ಶುರುವಾಗುತ್ತದೆ. ಐಜಿಇ ಎಂಬ ಆಂಟಿಬಾಡಿ ಮೊದಲೇ ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಕ್ಕೆ ಅಂಟಿಕೊಂಡು ಕಾಯುತ್ತಿರುತ್ತದೆ. ಅದು 10 ದಿನ ಸುಮ್ನೆ ಕೂರುವುದಿಲ್ಲ.

ಹಾಗಾದರೆ ಆ 10 ದಿನ ಏನಾಯಿತು? ಈ ಔಷಧಿಯನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ನಮ್ಮ ದೇಹಕ್ಕೆ ಅದು ಬೇರೆ ಪ್ರಾಣಿಯ ಪ್ರೋಟೀನು. ಅದರ ವಿರುದ್ಧ ಆಂಟಿಬಾಡಿ ತಯಾರಾಗಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಕುದುರೆ ಪ್ರೋಟೀನು ಇನ್ನೂ ರಕ್ತದಲ್ಲಿ ತೇಲುತ್ತಿರುತ್ತದೆ. ಎರಡೂ ಕೂಡಿ ಚಿಕ್ಕ ಚಿಕ್ಕ ಗೊಂಚಲುಗಳಾಗಿ ರಕ್ತನಾಳ, ಕೀಲು, ಮೂತ್ರಪಿಂಡಗಳಲ್ಲಿ ಕೂರುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಗುಂಪು ಕೆರಳಿ, ಖರ್ಚಾಗಿ, ಉರಿಯೂತವಾಗುತ್ತದೆ. ಅದಕ್ಕೇ ಪರೀಕ್ಷೆ ಮಾಡಿದರೆ ರಕ್ತದಲ್ಲಿ ಆ ಗುಂಪಿನ ಸಿ3 ಕಡಿಮೆ ಇರಬಹುದು, ಮೂತ್ರದಲ್ಲಿ ಪ್ರೋಟೀನು ಕಾಣಬಹುದು. ಇದು ಸೀರಮ್ ಸಿಕ್‌ನೆಸ್, ಟೈಪ್ 3.

ಇನ್ನು ಕೆಲವರು ಟೈಪ್ 2 ಗುರುತು ಹಾಕುತ್ತಾರೆ. ಅವರ ಗೊಂದಲ ನನಗೆ ಅರ್ಥವಾಗುತ್ತದೆ. ಎರಡರಲ್ಲೂ ಐಜಿಜಿ ಎಂಬ ಆಂಟಿಬಾಡಿ ಇದೆ, ಕಾಂಪ್ಲಿಮೆಂಟೂ ಇದೆ. ವ್ಯತ್ಯಾಸ ಇರುವುದು ಆಂಟಿಜನ್, ಅಂದರೆ ಆಂಟಿಬಾಡಿ ಹಿಡಿಯುವ ವಸ್ತು, ಎಲ್ಲಿದೆ ಎನ್ನುವುದರಲ್ಲಿ. ಕೋಶಕ್ಕೋ ಅಂಗಾಂಶಕ್ಕೋ ಅಂಟಿದ್ದರೆ ಟೈಪ್ 2, ತೇಲುತ್ತಿದ್ದರೆ ಟೈಪ್ 3. ಮೂತ್ರಪಿಂಡದ ಬಯಾಪ್ಸಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಟೈಪ್ 2 ಆದ ಗುಡ್‌ಪಾಶ್ಚರ್ ಕಾಯಿಲೆಯಲ್ಲಿ ಆಂಟಿಬಾಡಿ ಮೂತ್ರಪಿಂಡದ ಸೋಸುವ ಪೊರೆಯುದ್ದಕ್ಕೂ ಗೆರೆ ಎಳೆದ ಹಾಗೆ ಹೊಳೆಯುತ್ತದೆ. ಟೈಪ್ 3 ಆದ ಲೂಪಸ್ ಕಾಯಿಲೆಯಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ.

ಇಷ್ಟಾದ ಮೇಲೆ ಪೆನಿಸಿಲಿನ್ ಬಗ್ಗೆ ಹೇಳಲೇಬೇಕು. ಒಂದೇ ಔಷಧಿ, ನಾಲ್ಕೂ ಟೈಪ್ ಸಾಧ್ಯ. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಕ್ಕೆ ಬಿಪಿ ಬಿದ್ದು ಉಸಿರು ಕಟ್ಟಿದರೆ ಒಂದು. ಕೆಂಪು ರಕ್ತಕಣಕ್ಕೆ ಔಷಧಿ ಅಂಟಿ, ಕಣಗಳು ಒಡೆದು, ಕಣಗಳ ಮೇಲೆ ಆಂಟಿಬಾಡಿ ಕೂತಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಪಾಸಿಟಿವ್ ಬಂದರೆ ಎರಡು. ನಮ್ಮ ರೈತನ ಹಾಗೆ ಒಂದೆರಡು ವಾರಕ್ಕೆ ಜ್ವರ, ಕೀಲು ನೋವು ಬಂದರೆ ಮೂರು. ಟಿ ಕೋಶಗಳಿಂದ ಕೆಲವು ದಿನ ತಡವಾಗಿ ಚರ್ಮದ ಮೇಲೆ ಕೆಂಪು ದದ್ದು ಎದ್ದರೆ ನಾಲ್ಕು. "ಪೆನಿಸಿಲಿನ್ ಅಲರ್ಜಿ ಯಾವ ಟೈಪ್?" ಎಂದಷ್ಟೇ ಕೇಳಿ ಒಂದು ಉತ್ತರ ಬಯಸುವ ಪ್ರಶ್ನೆಯನ್ನು ನಾನು ಈಗ ಪತ್ರಿಕೆಯಲ್ಲಿ ಹಾಕುವುದಿಲ್ಲ. ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದೇ ಕೇಳುತ್ತೇನೆ.