ಇಂಗು ತಂದ ಮಂಗ

ಇವತ್ತು ಬೆಳಿಗ್ಗೆ ಆರೂವರೆಗೆ ನಾನು ಕುಡಿದದ್ದು ಕಾಫಿಯಲ್ಲ. ಲೋಟ ಕಾಫಿದೇ, ಬಣ್ಣ ಕಾಫಿದೇ, ಮೇಲೆ ನೊರೆಯೂ ಇತ್ತು. ಬಾಯಿಗಿಟ್ಟರೆ ತಿಳಿಸಾರು. ಸಕ್ಕರೆ ಹಾಕಿದ ತಿಳಿಸಾರು. ಹೋದ ವಾರವಷ್ಟೇ ಗಾಂಧಿಬಜಾರಿನಿಂದ ಹುರಿಸಿ, ಪುಡಿ ಮಾಡಿಸಿ ತಂದ ಅರ್ಧ ಕೆಜಿ ಕಾಫಿಪುಡಿ ಅದು. ಅಷ್ಟೂ ಹೋಯಿತು.

ಇದಕ್ಕೆ ಕಾರಣ ನಮ್ಮ ಯಜಮಾನರು. ಶನಿವಾರ ಪೇಟೆ ಕಡೆ ಏನೋ ಕೆಲಸ ಇತ್ತು ಅಂತ ಹೋದವರು, ಯಾವುದೋ ಗ್ರಂಧಿಗೆ ಅಂಗಡಿಯಿಂದ ಹತ್ತು ಗ್ರಾಂ ಇಂಗು ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಬೆಲ್ಲದ ಬಣ್ಣದ, ಅಂಟಂಟು ಉಂಡೆ. ಮೆಟ್ರೋದಲ್ಲಿ ಅವರ ಪಕ್ಕದ ಸೀಟು ಮನೆ ಸೇರುವವರೆಗೂ ಖಾಲಿ ಇತ್ತಂತೆ. ಅದನ್ನು ಅವರು ಅದೃಷ್ಟ ಅಂದುಕೊಂಡಿದ್ದರು.

"ಇಷ್ಟು ವರ್ಷ ನಾವು ತಿಂದಿದ್ದು ಇಂಗೇ ಅಲ್ಲ ಕಣೇ" ಅಂತ ಶುರು ಮಾಡಿದರು. ಅಡುಗೆಮನೆಯ ಹಳದಿ ಡಬ್ಬಿ ತೆಗೆದು, ಕನ್ನಡಕ ಹಣೆಗೇರಿಸಿ ಸಣ್ಣಕ್ಷರ ಓದಿದರು. ತಿನ್ನುವ ಅಂಟು, ಗೋಧಿ ಹಿಟ್ಟು, ಆಮೇಲೆ ಇಂಗು. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ಲೇಬಲ್ಲಿನ ನಿಯಮ. ಅಂದರೆ ಇಂಗಿನ ಡಬ್ಬಿಯಲ್ಲಿ ಇಂಗಿಗೆ ಮೂರನೇ ಸ್ಥಾನ. ಮೋಸವೇನೂ ಅಲ್ಲ, ಡಬ್ಬಿಯ ಮೇಲೆ ಕಾಂಪೌಂಡ್, ಅಂದರೆ ಬೆರಕೆ, ಅಂತ ಬರೆದೇ ಇರುತ್ತೆ. ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಓದದೇ ಇದ್ದವರು ನಾವು. (ಗೋಧಿ ಆಗದವರು ಮಾತ್ರ ಇದನ್ನು ಓದಲೇಬೇಕು. ಸಾರಿನಲ್ಲಿ ಗೋಧಿ ಎಲ್ಲಿಂದ ಬಂತು ಅಂತ ಯಾರಿಗೆ ಹೊಳೆಯುತ್ತೆ?)

ಇವರು ತಂದದ್ದು ಏನೂ ಬೆರೆಸದ್ದು. ಇಂಗು ಅಂದರೆ ಬೇರಿನ ಹಾಲು. ಕೊತ್ತಂಬರಿ, ಜೀರಿಗೆ, ಕ್ಯಾರೆಟ್ ಇವೆಲ್ಲದರ ದಾಯಾದಿ ಗಿಡ ಅದು. ಇರಾನ್, ಅಫ್ಘಾನಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುತ್ತೆ. ಗಿಡಕ್ಕೆ ನಾಲ್ಕೈದು ವರ್ಷ ಆದ ಮೇಲೆ, ಹೂ ಬಿಡೋಕೆ ಮುಂಚೆ, ಬುಡದ ಮಣ್ಣು ಸರಿಸಿ ದಪ್ಪ ಬೇರಿನ ತಲೆ ಕೊಯ್ಯುತ್ತಾರೆ. ಹಾಲು ಒಸರಿ ಅಲ್ಲೇ ಗಟ್ಟಿಯಾಗುತ್ತೆ. ಕೆಲವು ದಿನ ಬಿಟ್ಟು ಅದನ್ನು ಕೆರೆದುಕೊಂಡು, ಬೇರಿನಿಂದ ಇನ್ನೊಂದು ತೆಳು ಹೋಳು ತೆಗೆಯುತ್ತಾರೆ. ಮತ್ತೆ ಒಸರುತ್ತೆ. ಬೇರು ಬತ್ತುವ ತನಕ, ತಿಂಗಳುಗಟ್ಟಲೆ ಇದೇ ಕೆಲಸ. ನಮ್ಮ ದೇಶದಲ್ಲಿ 2020ರ ಅಕ್ಟೋಬರಿನಲ್ಲಿ ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟು ಬೆಳೆಸೋಕೆ ಶುರು ಮಾಡಿದರು. ಅಲ್ಲಿಯವರೆಗೆ ಒಂದು ಚಿಟಿಕೆಗೂ ಹೊರಗಿನವರನ್ನೇ ನಂಬಿಕೊಂಡು ನಾವು "ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡುತ್ತೆ" ಅಂತ ಗಾದೆ ಕಟ್ಟಿಕೊಂಡಿದ್ದೆವು.

ಆ ಗಾದೆ ನಂಬಿ ಶನಿವಾರ ರಾತ್ರಿಯ ಸಾರಿನ ಒಗ್ಗರಣೆ ಇವರೇ ಹಾಕಿದರು. ನಾನು ಡಬ್ಬಿ ಇಂಗು ಕಾಲು ಚಮಚ ಹಾಕುತ್ತಿದ್ದೆ. ಇವರೂ ಅದೇ ಲೆಕ್ಕದಲ್ಲಿ ಉಂಡೆಯಿಂದ ಗಜ್ಜುಗದಷ್ಟು ಕಿತ್ತು ಹಾಕಿದರು. ನಾಲ್ಕು ಜನರ ಸಾರಿಗೆ ಇದು ಒಂದು ಸಾಸಿವೆ ಕಾಳಿನಷ್ಟು ಸಾಕು. ತುಪ್ಪ ಚೆನ್ನಾಗಿ ಕಾದಿರಬೇಕು, ಇಂಗು ಅದರಲ್ಲಿ ಉಬ್ಬಿ ಅರಳಬೇಕು. ಆಗ ಹಸಿ ನಾತ ಹಾರಿಹೋಗಿ ಈರುಳ್ಳಿ ಬೆಳ್ಳುಳ್ಳಿ ಬಾಡಿಸಿದ ಹಾಗೆ ಘಮ್ಮನ್ನುತ್ತೆ. ಗಜ್ಜುಗದಷ್ಟು ದಪ್ಪ ಇದ್ದರೆ ಹೊರಗೆ ಕರಿಯುತ್ತೆ, ಒಳಗೆ ಹಸಿಯೇ ಇರುತ್ತೆ. ಆ ಹಸಿ ಹೃದಯ ಸಿಕ್ಕಿದ್ದು ನಮ್ಮ ಅತ್ತೆಯ ತಟ್ಟೆಗೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಇಂಗು ತಿಂದ ಮಂಗ ಅನ್ನುವ ಇನ್ನೊಂದು ಮಾತು ಎಲ್ಲಿಂದ ಹುಟ್ಟಿತು ಅಂತ ಅವತ್ತು ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಇವರಿಗೆ "ಪುಡಿ ಮಾಡಿದರೆ ಅಳತೆ ಸುಲಭ" ಅನ್ನಿಸಿದೆ. ನಾನು ಸ್ನಾನಕ್ಕೆ ಹೋಗಿದ್ದೆ. ಉಂಡೆಯಲ್ಲಿ ಅರ್ಧ ಮುರಿದು ಮಿಕ್ಸಿ ಜಾರಿಗೆ ಹಾಕಿ ತಿರುಗಿಸಿದ್ದಾರೆ. ಅದೇನು ಕಲ್ಲುಸಕ್ಕರೆಯೇ? ಅಂಟು. ಬ್ಲೇಡಿನ ಬಿಸಿಗೆ ಇನ್ನೂ ಮೆತ್ತಗಾಗಿ ಸುತ್ತ ಮೆತ್ತಿಕೊಂಡು, ಮಿಕ್ಸಿ ಗುರ್ ಅಂತ ನಿಂತಿದೆ. ಮುಚ್ಚಳ ತೆಗೆದರಂತೆ. ನನಗೆ ಬಾತ್‌ರೂಮಿನೊಳಗೇ ಗೊತ್ತಾಯಿತು.

ಪುಡಿ ಆಗಲಿಲ್ಲವಲ್ಲ, ಈಗ ಇವರಿಗೆ ಅನುಮಾನ. ಅಂಗಡಿಯವನು ಟೋಪಿ ಹಾಕಿದನಾ? ಪರೀಕ್ಷೆ ಶುರುವಾಯಿತು. ಮೊದಲು ಒಂದು ಚೂರನ್ನು ನೀರಿನಲ್ಲಿ ತೇಯ್ದರು. ನೀರು ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಯಿತು, ಹಾಗೇ ನಿಂತಿತು. ಒಳ್ಳೆಯದು. ಡಬ್ಬಿ ಇಂಗಿನದ್ದೂ ಸ್ವಲ್ಪ ಕದಡಿತು, ಆದರೆ ಹತ್ತು ನಿಮಿಷಕ್ಕೆ ಹಿಟ್ಟೆಲ್ಲ ತಳಕ್ಕಿಳಿಯಿತು. ಇಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅಪ್ಪಟ ಇಂಗು ಕರ್ಪೂರದ ಹಾಗೆ ಉರಿಯುತ್ತಂತೆ. ಒಂದು ಚೂರನ್ನು ಸ್ಟೀಲ್ ಚಮಚದಲ್ಲಿಟ್ಟು ಕಡ್ಡಿ ಗೀರಿದರು.

ಉರಿಯಿತು. ನಿಜವಾಗಿಯೂ ಕರ್ಪೂರದ ಹಾಗೇ. "ನೋಡು, ನೋಡು" ಅಂತ ಚಮಚ ಎತ್ತಿ ಹಿಡಿದು ಅವರು ಹಾಲಿಗೆ ಬಂದರು. ಅದೇ ಹೊತ್ತಿಗೆ ಬಾಗಿಲ ಬೆಲ್ಲು ಒಂದೇ ಸಮನೆ ಬಡಿದುಕೊಂಡಿತು.

ಅತ್ತೆ ಬಾಗಿಲು ತೆಗೆದರು. ಎದುರಿಗೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಕೈಯಲ್ಲಿ ಕೆಂಪು ಸಿಲಿಂಡರು, ಬೆಂಕಿ ಆರಿಸೋದು. ಅವರ ಹಿಂದೆ ಎದುರುಮನೆ ಆಂಟಿ, ಮೂಗಿಗೆ ಸೆರಗು. ಅವರ ಹಿಂದೆ ಮೇಲಿನ ಮಹಡಿಯ ಇಬ್ಬರು. "ಮೂರನೇ ಫ್ಲೋರಲ್ಲಿ ಗ್ಯಾಸ್ ಲೀಕ್ ಆಗ್ತಿದೆ! ಯಾರೂ ಲೈಟ್ ಹಾಕ್ಬೇಡಿ, ಬೆಂಕಿ ಹಚ್ಚ್‌ಬೇಡಿ!" ಅಂತ ಸೆಕ್ಯೂರಿಟಿ ಕೂಗಿದರು. ಕೂಗಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಇವರ ಮೇಲೆ ಬಿತ್ತು. ಪಂಚೆ, ಬನೀನು, ಕೈಯಲ್ಲಿ ಧಗಧಗ ಉರಿಯುವ ಚಮಚ.

ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ಆಂಟಿ ಮಾತ್ರ ಎರಡು ಮೆಟ್ಟಿಲು ಇಳಿದರು. "ಸಾರ್, ಆರಿಸಿ ಸಾರ್" ಅಂತ ಸೆಕ್ಯೂರಿಟಿ ತುಂಬ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. ಇವರು "ಇದು ಇಂಗು ಕಣ್ರೀ" ಅಂದರು. "ಆಗಲಿ ಸಾರ್, ಆರಿಸಿ." ಇವರು ಉಫ್ ಅಂತ ಊದಿದರು. ಆ ಹೊಗೆ ಬಾಗಿಲಾಚೆ ನಿಂತಿದ್ದ ಅಷ್ಟೂ ಜನರ ಮುಖಕ್ಕೆ ಹೋಯಿತು.

ಅವರದ್ದೂ ತಪ್ಪಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನುವ ಗಂಧಕದ ವಸ್ತು ಬೆರೆಸಿರುತ್ತಾರೆ. ಹಸಿ ಇಂಗಿನ ನಾತವೂ ಗಂಧಕದ ಕಡೆಯದ್ದೇ. ಪರೀಕ್ಷೆಯಿಂದ ಬಂದ ಲಾಭವೂ ಅಷ್ಟಕ್ಕಷ್ಟೇ. ಉರಿದರೆ ಹಿಟ್ಟು ಜಾಸ್ತಿ ಇಲ್ಲ ಅಂತ ಗೊತ್ತಾಗುತ್ತೆ, ಅಷ್ಟೆ. ಬೇರೆ ಗಿಡಮರಗಳ ಅಂಟು ಕೂಡ ಉರಿಯುತ್ತೆ.

ಆಮೇಲೆ ಪಾತ್ರೆ ತಿಕ್ಕುವ ಕೆಲಸ. ಸೋಪು, ನಿಂಬೆಹಣ್ಣು, ಬಿಸಿನೀರು ಯಾವುದಕ್ಕೂ ಮಿಕ್ಸಿ ಜಾರು ಬಗ್ಗಲಿಲ್ಲ. ಅತ್ತೆ ಬಂದು, "ಎಣ್ಣೆ ಹಚ್ಚಮ್ಮ ಮೊದಲು" ಅಂದರು. ವಾಸನೆ ಇರೋದು ಇಂಗಿನ ಎಣ್ಣೆ ಅಂಶದಲ್ಲಿ, ಅದು ನೀರಿಗೆ ಬಿಡಲ್ಲ. ಅಡುಗೆ ಎಣ್ಣೆ ಸವರಿ, ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿದಾಗ ಸ್ಟೀಲು ಶುದ್ಧವಾಯಿತು. ಕೈಗೂ ಅದೇ ಉಪಾಯ. ಆದರೆ ಮುಚ್ಚಳದ ರಬ್ಬರು ಜಪ್ಪಯ್ಯ ಅಂದರೂ ಬಿಡಲಿಲ್ಲ. ರಬ್ಬರು, ಪ್ಲಾಸ್ಟಿಕ್ಕು ವಾಸನೆಯನ್ನು ಒಳಗೇ ಹೀರಿಕೊಳ್ಳುತ್ತವೆ. ಹೊಸ ರಬ್ಬರು ತರಬೇಕು, ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಕಾಫಿ ಕೆಟ್ಟದ್ದೂ ಹೀಗೇ. ಉಳಿದ ಉಂಡೆಯನ್ನು ಇವರು ಪ್ಲಾಸ್ಟಿಕ್ ಕವರಿನ ಸಮೇತ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕಾಫಿಪುಡಿಯ ಪಕ್ಕ ಇಟ್ಟಿದ್ದರು. ಪ್ಲಾಸ್ಟಿಕ್ ದಾಟಿ ವಾಸನೆ ಬರುತ್ತೆ, ಸ್ಟೀಲ್ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ನುಗ್ಗುತ್ತೆ, ಕಾಫಿಪುಡಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತೆ. ಸಾಲದ್ದಕ್ಕೆ ಇವರಿಗೆ ಗಂಟೆಗೊಂದು ಸಲ ಹೋಗಿ "ವಾಸನೆ ನಿಂತಿದೆಯಾ" ಅಂತ ಮುಚ್ಚಳ ತೆಗೆದು ಮೂಸುವ ಚಾಳಿ. ತೆಗೆದರೆ ಎಲ್ಲಿ ನಿಲ್ಲುತ್ತೆ?

ತುಮಕೂರಿನ ನಮ್ಮಜ್ಜಿಯ ಹತ್ತಿರ ಬೊಗಸೆಯಷ್ಟು ಸಣ್ಣ ಪಿಂಗಾಣಿ ಜಾಡಿ ಇತ್ತು. ಇಂಗಿನ ಚೂರು ನೀರಿನಲ್ಲಿ ನೆನೆದಿರುತ್ತಿತ್ತು. ಮಜ್ಜಿಗೆಗೆ ಆ ನೀರು ಎರಡು ತೊಟ್ಟು. ಉಪ್ಪಿನಕಾಯಿ ಹಾಕುವ ದಿನ ಕೆಂಡದ ಮೇಲೆ ಇಂಗು ಉದುರಿಸಿ, ದೊಡ್ಡ ಜಾಡಿ ಬೋರಲು ಹಾಕಿ ಹೊಗೆ ಕೊಡೋರು. ನಮಗೆ ಹತ್ತಿರ ಬಿಡುತ್ತಿರಲಿಲ್ಲ, ನಾವು ಹೋಗದೆ ಇರುತ್ತಿರಲಿಲ್ಲ. ಸಣ್ಣ ಜಾಡಿ ಎಂದೋ ಒಡೆಯಿತು, ಮರದ ಮುಚ್ಚಳ ನನ್ನ ಹತ್ತಿರ ಉಳಿಯಿತು. ಅಜ್ಜಿ ಹೋದ ಮೇಲೂ ಅದರಲ್ಲಿ ವಾಸನೆ ಇತ್ತು. ಆಗಾಗ ತೆಗೆದು ಮೂಸುತ್ತಿದ್ದೆ. ಆಮೇಲೆ ಯಾವಾಗಲೋ ನಿಂತುಹೋಗಿತ್ತು. ಯಾವಾಗ ಅಂತ ಗೊತ್ತಾಗಲೇ ಇಲ್ಲ.

ಇರಲಿ. ಇವತ್ತು ಮಧ್ಯಾಹ್ನ ನಾನೇ ಕೂತು ಒಂದು ವ್ಯವಸ್ಥೆ ಮಾಡಿದೆ. ಉಂಡೆಯನ್ನು ಫಾಯಿಲ್‌ನಲ್ಲಿ ಸುತ್ತಿ, ಗಾಜಿನ ಬಾಟಲಿಯಲ್ಲಿಟ್ಟು ಎರಡು ಗಂಟೆ ಫ್ರೀಜರಿಗೆ ಹಾಕಿದೆ. ತಣ್ಣಗಾದರೆ ಇಂಗು ಗಾಜಿನ ಹಾಗೆ ಪೆಡಸಾಗುತ್ತೆ. ಕುಟ್ಟಾಣಿಯಲ್ಲಿ ಎರಡು ಪೆಟ್ಟಿಗೆ ಸಾಸಿವೆಯಷ್ಟು ಚೂರುಗಳಾದವು. ಮತ್ತೆ ಅಂಟಿಕೊಳ್ಳದಿರಲಿ ಅಂತ ಒಂದು ಚಮಚ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದೆ. ಇವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಈಗ ಅದು ಕಾಂಪೌಂಡ್ ಆಯ್ತಲ್ಲೇ!" ಅಂದರು. ಮುಖ ಸಣ್ಣದಾಗಿತ್ತು.

ಹೌದು, ಆಯ್ತು. ಹಿಟ್ಟು ಬೆರೆಸಿದರೆ ಇಂಗು ಪುಡಿಯಾಗಿ ಉದುರುತ್ತೆ, ಅಳತೆಗೆ ಸಿಗುತ್ತೆ. ಎಷ್ಟು ಬೆರೆಸುತ್ತಾರೆ ಅನ್ನೋದರಲ್ಲಷ್ಟೇ ಜಗಳ.

ಚೂರುಗಳನ್ನು ಸಣ್ಣ ಗಾಜಿನ ಬಾಟಲಿಗೆ ತುಂಬಿದೆ. ಮುಚ್ಚಳದ ಒಳಗಿನ ರಬ್ಬರಿಗೆ ಇಂಗು ತಾಗದ ಹಾಗೆ ಬಾಯಿಗೆ ಎರಡು ಪದರ ಫಾಯಿಲ್ ಕಟ್ಟಿ ತಿರುಪಿದೆ. ಅದನ್ನು ಹಳೇ ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿಯೊಳಗೆ ಇಳಿಸಿ ಅದನ್ನೂ ಮುಚ್ಚಿದೆ. ಕಾಫಿ, ಚಹಾ, ತುಪ್ಪ ಯಾವುದೂ ಇಲ್ಲದ ಕಡೆ, ರಾಗಿ ಡ್ರಮ್ಮಿನ ಹಿಂದೆ ಇಟ್ಟೆ. ಇವರಿಗೆ ಜಾಗ ಹೇಳಲಿಲ್ಲ.

ಈಗ ರಾತ್ರಿ ಎಂಟು ಗಂಟೆ. ಅಡುಗೆಮನೆಯಲ್ಲಿ ಒಂದೊಂದೇ ಕಪಾಟು ತೆರೆದು ಮುಚ್ಚುವ ಸದ್ದು ಕೇಳುತ್ತಿದೆ.

"ಲೇ, ಇಂಗು ಎಲ್ಲಿಟ್ಟಿದ್ದೀಯ? ವಾಸನೆನೇ ಬರ್ತಿಲ್ವಲ್ಲ, ಹೇಗೆ ಹುಡುಕೋದು?"