ಬ್ಯಾಂಡ್‌ವಿಡ್ತ್ ನೋಡಿ ರೈಸ್ ಟೈಮ್ ಹೇಳಬಹುದಾ? ಪರ-ವಿರೋಧ

ಪರ: ಹೇಳಬಹುದು

ಮೋಟಾರಿನ ಪೊಸಿಷನ್ ಲೂಪ್ ಒಂದನ್ನು ತಗೊಳ್ಳಿ. ಅದರ ಲೂಪ್ ಗೇನ್ 20 rad/s ಹತ್ತಿರ 1ಕ್ಕೆ ಇಳಿಯುತ್ತದೆ. ಇದೇ ಗೇನ್ ಕ್ರಾಸ್‌ಓವರ್. ಫೇಸ್ ಮಾರ್ಜಿನ್ ಸುಮಾರು 52 ಡಿಗ್ರಿ. ಇಷ್ಟು ಗೊತ್ತಿದ್ದರೆ ಸಾಕು, ಕಾಗದದ ಮೇಲೆ ಎರಡು ಸಾಲಿನಲ್ಲಿ ಲೆಕ್ಕ ಮುಗಿಯುತ್ತದೆ.

ಕ್ಲೋಸ್ಡ್ ಲೂಪ್ ಬ್ಯಾಂಡ್‌ವಿಡ್ತ್ `ω_b`, ಅಂದರೆ ಕ್ಲೋಸ್ಡ್ ಲೂಪ್ ಗೇನ್ 0.707ಕ್ಕೆ ಇಳಿಯುವ ಫ್ರೀಕ್ವೆನ್ಸಿ, ಸಾಮಾನ್ಯವಾಗಿ ಕ್ರಾಸ್‌ಓವರ್‌ನ 1ರಿಂದ 2 ಪಟ್ಟು. ಇಲ್ಲಿ 1.6 ಪಟ್ಟು, ಅಂದರೆ 32 rad/s. ಶೇ. 10ರಿಂದ 90ಕ್ಕೆ ಏರುವ ಸಮಯ `2.2/ω_b`, ಅಂದರೆ 69 ಮಿಲಿಸೆಕೆಂಡ್. ಎರಡನೇ ಆರ್ಡರ್ ಮಾಡೆಲ್ ಇಟ್ಟು ಸರಿಯಾಗಿ ಲೆಕ್ಕ ಹಾಕಿದರೆ 64 ಬರುತ್ತದೆ. ನಾಲ್ಕೈದು ಮಿಲಿಸೆಕೆಂಡ್ ವ್ಯತ್ಯಾಸಕ್ಕೆ ಈ ಸೂತ್ರವನ್ನು ಬಿಡಬೇಕಾ? ಆ 2.2 ಹುಟ್ಟಿದ್ದು ಮೊದಲ ಆರ್ಡರ್ ಸಿಸ್ಟಮ್‌ನಲ್ಲಿ. ಆದರೂ ಇಲ್ಲೂ ಹೊಂದುತ್ತದೆ.

ವಿರೋಧ: ಜಲವಿದ್ಯುತ್ ಟರ್ಬೈನ್ ಮುಂದೆ ನಿಂತು ಹೇಳಿ ನೋಡೋಣ

ಟರ್ಬೈನಿನ ಗೇಟ್ ತೆರೆದ ಕೂಡಲೇ ಪವರ್ ಏರುವುದಿಲ್ಲ, ಮೊದಲು ಇಳಿಯುತ್ತದೆ. ಪೆನ್‌ಸ್ಟಾಕ್ ಕೊಳವೆಯಲ್ಲಿರುವ ಅಷ್ಟೂ ನೀರು ವೇಗ ಹಿಡಿಯಬೇಕು, ಅಷ್ಟರಲ್ಲಿ ಗೇಟಿನ ಬಳಿ ಒತ್ತಡ ಕುಸಿದಿರುತ್ತದೆ. ನೀರಿನ ಈ ಸ್ಟಾರ್ಟಿಂಗ್ ಟೈಮ್ 1 ಸೆಕೆಂಡ್ ಅಂತಿಟ್ಟುಕೊಳ್ಳಿ. ಆಗ ಟರ್ಬೈನ್ ಮಾಡೆಲ್ `(1-s)/(1+0.5s)`. ಗೇಟ್ ಮೋಟಾರಿನ ವಿಳಂಬವನ್ನು ಸದ್ಯಕ್ಕೆ ಬಿಟ್ಟು, ಪವರ್ ಲೂಪ್‌ಗೆ `K(1+0.5s)/s` ಅನ್ನುವ ಪಿಐ ಕಂಟ್ರೋಲರ್ ಹಾಕೋಣ. ಲೂಪ್ ಗೇನ್ `K(1-s)/s` ಆಗುತ್ತದೆ.

K = 0.4 ಇಟ್ಟರೆ ಕ್ರಾಸ್‌ಓವರ್ 0.44 rad/s, ಫೇಸ್ ಮಾರ್ಜಿನ್ 66 ಡಿಗ್ರಿ. ನೋಡಲು ಎಲ್ಲ ಚೆನ್ನಾಗಿಯೇ ಇದೆ. ಆದರೆ ಮೈನಸ್ 3 ಡಿಬಿ ಬ್ಯಾಂಡ್‌ವಿಡ್ತ್ 2 rad/s, ಅಂದರೆ ಕ್ರಾಸ್‌ಓವರ್‌ನ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ಇದನ್ನು ನಂಬಿದರೆ ರೈಸ್ ಟೈಮ್ 1.1 ಸೆಕೆಂಡ್ ಬರಬೇಕು. ನಿಜಕ್ಕೂ ಬರುವುದು 3.3. ಅದಕ್ಕೂ ಮೊದಲು ಪವರ್ ಸ್ಟೆಪ್‌ನ ಮೂರನೇ ಎರಡರಷ್ಟು ಕೆಳಕ್ಕೆ ಹೋಗಿರುತ್ತದೆ.

ಇನ್ನೂ ವಿಚಿತ್ರ ನೋಡಿ. K ಅನ್ನು 0.42ಕ್ಕೆ ಏರಿಸಿ. ಕ್ರಾಸ್‌ಓವರ್ 0.46, ರೈಸ್ ಟೈಮ್ 3.0. ಬದಲಾವಣೆ ತುಂಬಾ ಸಣ್ಣದು, ಅಲ್ವಾ? ಆದರೆ ಬ್ಯಾಂಡ್‌ವಿಡ್ತ್‌ಗೆ ಈಗ ಮಿತಿಯೇ ಇಲ್ಲ! ಕ್ಲೋಸ್ಡ್ ಲೂಪ್ ಗೇನ್ 0.724ಕ್ಕೆ ಬಂದು ನಿಲ್ಲುತ್ತದೆ, 0.707ಕ್ಕೆ ಇಳಿಯುವುದೇ ಇಲ್ಲ.

ಕಾರಣ ಇಷ್ಟೇ. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಔಟ್‌ಪುಟ್ ಸಾಕಷ್ಟು ದೊಡ್ಡದಾಗಿಯೇ ಬರುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಮೈನಸ್ 3 ಡಿಬಿ ಅಳತೆ ಗಾತ್ರವನ್ನು ಮಾತ್ರ ನೋಡುತ್ತದೆ. ಹಾಗಾಗಿ ತಪ್ಪು ದಾರಿಯಲ್ಲಿ ಓಡುವುದೂ ಅದರ ಲೆಕ್ಕದಲ್ಲಿ ಹಿಂಬಾಲಿಸಿದಂತೆಯೇ. ಗೇಟ್ ಮೋಟಾರಿನ ವಿಳಂಬ ಸೇರಿಸಿದರೆ ಬ್ಯಾಂಡ್‌ವಿಡ್ತ್‌ಗೆ ಒಂದು ಮಿತಿ ಬರುತ್ತದೆ, ನಿಜ. ಆದರೆ ಆ ಮಿತಿ ತಿಳಿಸುವುದು ಮೋಟಾರಿನ ವೇಗವನ್ನು, ಪವರ್ ಏರುವ ವೇಗವನ್ನಲ್ಲ.

ಕ್ರಾಸ್‌ಓವರ್ ಹಿಡಿದು ಅಂದಾಜು ಮಾಡಿದರೂ K = 0.4ಕ್ಕೆ 5 ಸೆಕೆಂಡ್ ಬರುತ್ತದೆ. ಅದೂ ತಪ್ಪೇ, ಆದರೆ ಕೊನೇ ಪಕ್ಷ ನಿಧಾನದ ಕಡೆಗೆ ತಪ್ಪುತ್ತದೆ. ಎದುರು ವಾದದ "1ರಿಂದ 2 ಪಟ್ಟು" ಅನ್ನುವುದನ್ನು ನಾನು ಸೂತ್ರವಾಗಿ ಬಳಸುವುದಿಲ್ಲ, ಪರೀಕ್ಷೆಯಾಗಿ ಬಳಸುತ್ತೇನೆ. ಎರಡನ್ನೂ ಬೇರೆ ಬೇರೆ ಅಳೆದು, ಅನುಪಾತ 2 ದಾಟಿದರೆ ಬ್ಯಾಂಡ್‌ವಿಡ್ತ್ ಬದಿಗಿಟ್ಟು ಸ್ಟೆಪ್ ರೆಸ್ಪಾನ್ಸ್ ಬಿಡಿಸುತ್ತೇನೆ.