ಟಿಎಸ್‌ಎಚ್ ಕಡಿಮೆ ಅಂದರೆ ಥೈರಾಯ್ಡ್ ಕಡಿಮೆ ಅಂತಲ್ಲ

ಹೋದ ವರ್ಷ ಟೊಮೆಟೊ ಕೊಯ್ಲಿನ ಸಮಯ. ಮುಳಬಾಗಿಲಿನಿಂದ ಅಕ್ಕ ವಾಟ್ಸಾಪಿನಲ್ಲಿ ಒಂದು ಲ್ಯಾಬ್ ರಿಪೋರ್ಟ್ ಕಳಿಸಿದಳು. ಅದರ ಕೆಳಗೆ ಬರೆದಿದ್ದಳು: "ಥೈರಾಯ್ಡ್ ಕಡಿಮೆ ಇದೆಯಂತೆ ಕಣೋ. ಪಕ್ಕದ ಮನೆಯವರ ಹತ್ತಿರ ಅದರ ಮಾತ್ರೆ ಇದೆ. ನಾಳೆ ಬೆಳಗ್ಗೆಯಿಂದ ನಾನೂ ಶುರು ಮಾಡ್ತೀನಿ."

ರಿಪೋರ್ಟ್ ದೊಡ್ಡದು ಮಾಡಿ ನೋಡಿದೆ. ಟಿಎಸ್‌ಎಚ್ 0.01. ಪಕ್ಕದಲ್ಲಿ 0.4 ರಿಂದ 4.0 ಇರಬೇಕು ಅಂತ ಅಚ್ಚಾಗಿತ್ತು, ಅದರ ಮುಂದೆ ದಪ್ಪಗೆ 'ಎಲ್' ಅಂತ ಇತ್ತು. ರಿಪೋರ್ಟ್ ಕೊಟ್ಟವರು ಆ 'ಎಲ್' ನೋಡಿ "ಥೈರಾಯ್ಡ್ ಲೋ" ಅಂದಿದ್ದರು. ಅದರ ಕೆಳಗಿನ ಸಾಲನ್ನು ಯಾರೂ ಓದಿರಲಿಲ್ಲ. ಥೈರಾಯ್ಡ್ ತಯಾರಿಸುವ ಹಾರ್ಮೋನ್ ಫ್ರೀ ಟಿ4 3.6 ಇತ್ತು. ಅದು 1.8 ದಾಟಬಾರದು. ಅಂದರೆ ಇರಬೇಕಾದ ಗರಿಷ್ಠ ಮಟ್ಟದ ಎರಡರಷ್ಟು. ಅಕ್ಕನಿಗೆ ಥೈರಾಯ್ಡ್ ಹಾರ್ಮೋನ್ ಕಡಿಮೆ ಆಗಿರಲಿಲ್ಲ, ವಿಪರೀತ ಜಾಸ್ತಿಯಾಗಿತ್ತು. ಅದರ ಮೇಲೆ ಇನ್ನಷ್ಟು ಅದೇ ಹಾರ್ಮೋನನ್ನು ನುಂಗಲು ಹೊರಟಿದ್ದಳು.

ತಕ್ಷಣ ಫೋನ್ ಮಾಡಿ ಹೇಳಿದೆ, "ಅಕ್ಕಾ, ಆ ಮಾತ್ರೆ ಮುಟ್ಟಬೇಡ. ನಾಳೆ ನಾನೇ ಬರ್ತೀನಿ."

ಮರುದಿನ ಕೋಲಾರದಿಂದ ಹೋದೆ. ಮೂರು ತಿಂಗಳಲ್ಲಿ ಆರು ಕೆಜಿ ಇಳಿದಿದ್ದಳು. ಮೊದಲು ಒಂದು ಮುದ್ದೆಗೆ ಸಾಕು ಅನ್ನುತ್ತಿದ್ದವಳು ಈಗ ಎರಡು ಉಣ್ಣುತ್ತಿದ್ದಳು, ಆದರೂ ಮೈ ಕರಗುತ್ತಿತ್ತು. "ತೋಟದ ಕೆಲಸ ಜಾಸ್ತಿ, ಅದಕ್ಕೆ" ಅಂದರು ಭಾವ. ಎರಡೂ ಕೈ ಮುಂದಕ್ಕೆ ಚಾಚು ಅಂದೆ. ಬೆರಳುಗಳ ಮೇಲೆ ಒಂದು ಹಾಳೆ ಇಟ್ಟೆ. ಫ್ಯಾನ್ ಆಫ್ ಆಗಿತ್ತು, ಗಾಳಿ ಇರಲಿಲ್ಲ. ಹಾಳೆಯ ಅಂಚು ಸಣ್ಣಗೆ ನಡುಗುತ್ತಲೇ ಇತ್ತು. ಕೂತಲ್ಲೇ ನಾಡಿ ಎಣಿಸಿದರೆ ನಿಮಿಷಕ್ಕೆ 114.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹಾರ್ಮೋನಿನ ಪಾಠದಲ್ಲಿ ಪ್ರತಿ ವರ್ಷ ಈ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅವತ್ತು ಅದನ್ನೇ ಲ್ಯಾಬ್ ಕವರಿನ ಹಿಂದೆ ಬರೆದೆ. ಮೇಲೆ ಮೆದುಳಿನ ಭಾಗವಾದ ಹೈಪೋಥಲಾಮಸ್, ನಡುವೆ ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿ, ಕೆಳಗೆ ಕುತ್ತಿಗೆಯಲ್ಲಿರುವ ಥೈರಾಯ್ಡ್. ಮೂರು ಚೌಕ. ಮೇಲಿನಿಂದ ಕೆಳಗೆ ಎರಡು ಬಾಣ. ಹೈಪೋಥಲಾಮಸ್ ಕಳಿಸುವುದು ಟಿಆರ್‌ಎಚ್, ಪಿಟ್ಯುಟರಿ ಕಳಿಸುವುದು ಟಿಎಸ್‌ಎಚ್. ಎರಡರ ಪಕ್ಕದಲ್ಲೂ ಪ್ಲಸ್ ಗುರುತು. ಥೈರಾಯ್ಡಿನಿಂದ ಟಿ4 ಮತ್ತು ಟಿ3 ಹೊರಗೆ ಬರುತ್ತವೆ. ಅಲ್ಲಿಂದ ಎರಡು ಗೆರೆ ವಾಪಸ್ ಮೇಲಕ್ಕೆ ಹೋಗುತ್ತವೆ, ಒಂದು ಪಿಟ್ಯುಟರಿಗೆ, ಇನ್ನೊಂದು ಹೈಪೋಥಲಾಮಸ್‌ಗೆ. ಈ ಎರಡರ ಪಕ್ಕದಲ್ಲಿ ಮೈನಸ್. ಕೆಲವು ಪುಸ್ತಕಗಳಲ್ಲಿ ಬಾಣದ ಮೊನೆಯ ಬದಲು ಅಡ್ಡಗೆರೆ ಹಾಕಿರುತ್ತಾರೆ, ಅದರ ಅರ್ಥವೂ ಅದೇ.

ಮಕ್ಕಳು ಎಡವುವುದು ಈ ಮೈನಸ್ ಗುರುತಿನಲ್ಲೇ. ಮೈನಸ್ ಕಂಡ ಕೂಡಲೇ "ಟಿ4 ಕಡಿಮೆಯಾಗುತ್ತದೆ" ಅಂತ ಬರೆಯುತ್ತಾರೆ. ಹಾಗಲ್ಲ. ಗೆರೆ ಎಲ್ಲಿ ಮುಟ್ಟುತ್ತದೋ ಅಲ್ಲಿನ ಕೆಲಸ ತಗ್ಗುತ್ತದೆ ಅಂತ ಅರ್ಥ. ಟಿ4 ಏರಿದರೆ ಪಿಟ್ಯುಟರಿ ಟಿಎಸ್‌ಎಚ್ ಕಳಿಸುವುದನ್ನು ತಗ್ಗಿಸುತ್ತದೆ. ಟಿ4 ಇಳಿದರೆ ಆ ತಡೆ ಸಡಿಲವಾಗಿ ಟಿಎಸ್‌ಎಚ್ ಏರುತ್ತದೆ. ಟಿಎಸ್‌ಎಚ್ ಅನ್ನುವುದು ಥೈರಾಯ್ಡಿನ ಹಾರ್ಮೋನ್ ಅಲ್ಲವೇ ಅಲ್ಲ. ಅದು ಥೈರಾಯ್ಡಿಗೆ ಪಿಟ್ಯುಟರಿ ಕೊಡುವ ಅಪ್ಪಣೆ. ಅಪ್ಪಣೆ ನಿಂತಿದೆ ಅಂದರೆ ಸರಕು ಕಡಿಮೆ ಇದೆ ಅಂತಲ್ಲ. ಸರಕು ಮಿತಿಮೀರಿ ಬಿದ್ದಿರುವುದಕ್ಕೇ ಅಪ್ಪಣೆ ನಿಂತಿರಬಹುದು.

ಅಕ್ಕನಿಗೆ ಇದು ತಲೆಗೆ ಹೋಗಲಿಲ್ಲ. ಆಗ ನಮ್ಮೂರ ಕೆರೆ ನೆನಪಾಯಿತು. ಕೋಲಾರದ ಕಡೆಯವರಿಗೆ ಕೆರೆ, ತೂಬು, ನೀರುಗಂಟಿ ಹೊಸದೇನಲ್ಲ. ನೀರುಗಂಟಿ ಗದ್ದೆಯಲ್ಲಿ ಎಷ್ಟು ನೀರು ನಿಂತಿದೆ ಅಂತ ನೋಡಿಕೊಂಡು ತೂಬು ಎತ್ತುತ್ತಾನೆ, ಇಳಿಸುತ್ತಾನೆ. ಅವನೇ ಪಿಟ್ಯುಟರಿ. ತೂಬು ಎತ್ತುವುದು ಟಿಎಸ್‌ಎಚ್. ಕೆರೆ ಥೈರಾಯ್ಡ್. ಗದ್ದೆಗೆ ಹರಿಯುವ ನೀರು ಟಿ4. ಗದ್ದೆ ತುಂಬಿದರೆ ತೂಬು ಮುಚ್ಚುತ್ತಾನೆ, ಅದೇ ಮೈನಸ್ ಗೆರೆ. "ಈಗ ಯಾರೋ ರಾತ್ರಿ ಕೆರೆ ಏರಿ ಕೊರೆದು ಬಿಟ್ಟಿದ್ದಾರೆ ಅಂದ್ಕೋ ಅಕ್ಕಾ. ನೀರು ಗದ್ದೆಗೆ ನುಗ್ಗುತ್ತಿದೆ. ನೀರುಗಂಟಿ ಓಡಿ ಬಂದು ತೂಬು ಪೂರ್ತಿ ಮುಚ್ಚಿದ್ದಾನೆ. ನಿನ್ನ ರಿಪೋರ್ಟಿನ 0.01 ಅಂದರೆ ಅದು, ಮುಚ್ಚಿದ ತೂಬು. ಅದನ್ನು ನೋಡಿ ಗದ್ದೆ ಒಣಗಿದೆ ಅಂತ ಇನ್ನೂ ನೀರು ಬಿಡೋಕೆ ಹೊರಟಿದ್ದೀರಿ." ಅಕ್ಕ ಕವರನ್ನು ಕೈಗೆ ತಗೊಂಡು ಬೆರಳಿಟ್ಟು ಗೆರೆಗಳನ್ನು ಮತ್ತೆ ಮತ್ತೆ ನೋಡಿದಳು.

ಏರಿ ಕೊರೆದವರು ಯಾರು ಅನ್ನುವುದೇ ಮುಖ್ಯ ಪ್ರಶ್ನೆ. ನನ್ನ ವಿದ್ಯಾರ್ಥಿನಿ ಒಬ್ಬಳು ತರಗತಿಯಲ್ಲಿ ಕೇಳಿದ್ದಳು: "ಸರ್, ಟಿಎಸ್‌ಎಚ್ ಇಲ್ಲದಿದ್ದರೆ ಥೈರಾಯ್ಡ್ ತಾನಾಗಿಯೇ ನಿಲ್ಲಬೇಕಲ್ವಾ? ಹಾಗಿದ್ದರೆ ಜಾಸ್ತಿ ಆಗೋದು ಹೇಗೆ?" ಪುಸ್ತಕದ ಚಿತ್ರದಲ್ಲಿ ಇದಕ್ಕೆ ಉತ್ತರ ಇಲ್ಲ. ಚಿತ್ರದ ಹೊರಗಿನಿಂದ ಒಂದು ಬಾಣ ಎಳೆಯಬೇಕು. ಅಕ್ಕನಿಗೆ ಆಗಿದ್ದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರೇ ಅದಕ್ಕೆ ಬಂದಿದೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಒಂದು ಆ್ಯಂಟಿಬಾಡಿ ತಯಾರಿಸುತ್ತದೆ. ಅದು ಥೈರಾಯ್ಡ್ ಕೋಶದ ಮೇಲೆ ಟಿಎಸ್‌ಎಚ್ ಕೂರುವ ಜಾಗದಲ್ಲೇ ಕೂತು, ಟಿಎಸ್‌ಎಚ್ ಬಂದಂತೆಯೇ ಕೋಶವನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಹೊಸ ಬಾಣಕ್ಕೂ ಪ್ಲಸ್ ಗುರುತೇ. ಆದರೆ ಟಿ4 ಎಷ್ಟೇ ಏರಲಿ, ಆ ಆ್ಯಂಟಿಬಾಡಿಗೆ "ಸಾಕು ನಿಲ್ಲಿಸು" ಅಂತ ಹೇಳುವ ಮೈನಸ್ ಗೆರೆ ಎಲ್ಲೂ ಇಲ್ಲ. ಪಿಟ್ಯುಟರಿಗೆ ಏನೂ ಆಗಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಟಿಎಸ್‌ಎಚ್ ಅಷ್ಟು ಕೆಳಗೆ ಹೋಗಿರುವುದೇ ಅದಕ್ಕೆ ಸಾಕ್ಷಿ.

ಪಕ್ಕದ ಮನೆಯ ಮಾತ್ರೆ ಅಪಾಯ ಆಗಿದ್ದೂ ಇದಕ್ಕೇ. ಆರೋಗ್ಯವಾಗಿರುವವರು ಅಪ್ಪಿತಪ್ಪಿ ಒಂದು ಥೈರಾಕ್ಸಿನ್, ಅಂದರೆ ಟಿ4 ಮಾತ್ರೆ ನುಂಗಿದರೆ ಟಿಎಸ್‌ಎಚ್ ಸ್ವಲ್ಪ ಇಳಿಯುತ್ತದೆ. ಅವರ ಥೈರಾಯ್ಡ್ ಅಷ್ಟರ ಮಟ್ಟಿಗೆ ತನ್ನ ತಯಾರಿಕೆ ಕಡಿಮೆ ಮಾಡಿಕೊಳ್ಳುತ್ತದೆ. ಅಕ್ಕನಲ್ಲಿ ಇಳಿಸುವುದಕ್ಕೆ ಟಿಎಸ್‌ಎಚ್ ಉಳಿದೇ ಇರಲಿಲ್ಲ. ನುಂಗಿದ ಪ್ರತಿ ಮಾತ್ರೆಯೂ ನೇರವಾಗಿ ಲೆಕ್ಕಕ್ಕೆ ಸೇರುತ್ತಿತ್ತು. 114 ಹೊಡೆಯುತ್ತಿದ್ದ ಎದೆ ತಾಳ ತಪ್ಪುವ ಸಾಧ್ಯತೆ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಈ ಚಿತ್ರವನ್ನು ಓದುವಾಗ ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಯಾವ ಗ್ರಂಥಿ ಜಾಸ್ತಿ ಮಾಡುತ್ತಿದೆಯೋ ಆ ಚೌಕದ ಮೇಲೆ ಬೆರಳಿಡಿ, ಅಲ್ಲಿಂದ ಹೊರಡುವ ಬಾಣಗಳನ್ನು ಒಂದೊಂದಾಗಿ ಹಿಂಬಾಲಿಸಿ. ಥೈರಾಯ್ಡಿನಲ್ಲಿ ತಪ್ಪಿದ್ದರೆ ಟಿ4 ಏರುತ್ತದೆ, ಟಿಎಸ್‌ಎಚ್ ಬೀಳುತ್ತದೆ. ಎರಡೂ ಎದುರು ದಿಕ್ಕಿಗೆ ಹೋಗುತ್ತವೆ. ಈಗ ಬೆರಳನ್ನು ಪಿಟ್ಯುಟರಿಯ ಮೇಲಿಡಿ. ಅಲ್ಲೊಂದು ಸಣ್ಣ ಗಡ್ಡೆ ಬೆಳೆದು ಟಿಎಸ್‌ಎಚ್ ಸುರಿಯುತ್ತಿದೆ ಅಂದುಕೊಳ್ಳಿ. ಥೈರಾಯ್ಡ್ ಅಪ್ಪಣೆ ಪಾಲಿಸುತ್ತದೆ, ಟಿ4 ಏರುತ್ತದೆ. ಮೈನಸ್ ಗೆರೆ ಮೇಲಕ್ಕೆ ಹೋಗಿ ತಡೆಯಲು ನೋಡುತ್ತದೆ, ಆದರೆ ಗಡ್ಡೆ ಕಿವಿಗೊಡುವುದಿಲ್ಲ. ಟಿ4 ಜಾಸ್ತಿ ಇದ್ದರೂ ಟಿಎಸ್‌ಎಚ್ ಬೀಳುವುದಿಲ್ಲ. ಇದು ಬಹಳ ಅಪರೂಪ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಇಂಥವರ ರಿಪೋರ್ಟಿನಲ್ಲಿ ಟಿಎಸ್‌ಎಚ್ 2.5 ಅಂತ ಬಂದರೆ ಲ್ಯಾಬಿನ ಕಾಗದ ಅದನ್ನು ನಾರ್ಮಲ್ ಅನ್ನುತ್ತದೆ. ಟಿ4 ಅಷ್ಟು ಏರಿರುವಾಗ ಟಿಎಸ್‌ಎಚ್ ನಾರ್ಮಲ್ ಇರುವುದೇ ತಪ್ಪು, ಅದು ಬಿದ್ದಿರಬೇಕಿತ್ತು. ಒಂದು ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದದಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಚಿತ್ರಕ್ಕೂ ಮಿತಿ ಇದೆ. ಟಿ4 ಜಾಸ್ತಿ, ಟಿಎಸ್‌ಎಚ್ ಕಡಿಮೆ ಅಂದ ಮಾತ್ರಕ್ಕೆ ಗ್ರಂಥಿ ಜಾಸ್ತಿ ತಯಾರಿಸುತ್ತಿದೆ ಅಂತ ಹೇಳಲು ಬರುವುದಿಲ್ಲ. ಥೈರಾಯ್ಡ್ ತನ್ನೊಳಗೆ ವಾರಗಟ್ಟಲೆಗೆ ಸಾಕಾಗುವಷ್ಟು ಹಾರ್ಮೋನ್ ಕೂಡಿಟ್ಟಿರುತ್ತದೆ. ಉರಿಯೂತವಾದರೆ ಆ ದಾಸ್ತಾನು ರಕ್ತಕ್ಕೆ ಸೋರುತ್ತದೆ. ಆಗಲೂ ರಿಪೋರ್ಟ್ ಹೀಗೇ ಕಾಣುತ್ತದೆ, ಆದರೆ ತಯಾರಿಕೆ ನಿಲ್ಲಿಸುವ ಮಾತ್ರೆಯಿಂದ ಪ್ರಯೋಜನ ಇಲ್ಲ. ಅದಕ್ಕೇ ಅಕ್ಕನ ಡಾಕ್ಟರ್ ಆ್ಯಂಟಿಬಾಡಿಯ ರಕ್ತಪರೀಕ್ಷೆ ಬರೆದುಕೊಟ್ಟರು. ಪಾಸಿಟಿವ್ ಬಂತು. ಅದಕ್ಕೂ ಮೊದಲು ಅವರು ಕೇಳಿದ್ದು, "ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ಏನಾದ್ರೂ ತಗೊಳ್ತಿದ್ದೀರಾಮ್ಮಾ?" ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಬಗೆಯ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತದೆ. ಆಗ ಏನೂ ಇಲ್ಲದವರ ರಿಪೋರ್ಟ್ ಕೂಡ ಗ್ರೇವ್ಸ್ ಥರವೇ ಕಾಣುತ್ತದೆ. ಅಕ್ಕ ತಗೊಳ್ಳುತ್ತಿರಲಿಲ್ಲ.

ಕಾರ್ಬಿಮಜೋಲ್ ಶುರುವಾಯಿತು. ಇದು ಥೈರಾಯ್ಡಿನಲ್ಲಿ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ. ಆಗಲೇ ಕೂಡಿಟ್ಟಿದ್ದು ಖಾಲಿಯಾಗಬೇಕು, ಜೊತೆಗೆ ರಕ್ತದಲ್ಲಿರುವ ಟಿ4 ಅರ್ಧಕ್ಕೆ ಇಳಿಯಲು ಹಲವು ದಿನ ಬೇಕು. ಹಾಗಾಗಿ ಮೊದಲ ಕೆಲವು ವಾರ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎದೆಬಡಿತಕ್ಕೆ ಬೇರೆ ಮಾತ್ರೆ ಕೊಟ್ಟರು. ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಬಂದು ರಕ್ತಪರೀಕ್ಷೆ ಮಾಡಿಸಬೇಕು ಅಂತ ಎರಡು ಸಲ ಹೇಳಿದರು. ಅಪರೂಪಕ್ಕೆ ಈ ಔಷಧಿ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ.

ಎಂಟು ವಾರಕ್ಕೆ ಫ್ರೀ ಟಿ4 1.4ಕ್ಕೆ ಬಂತು. ತೂಕ ಏರುತ್ತಿತ್ತು. ಹಾಳೆ ಇಟ್ಟರೆ ಅಲುಗುತ್ತಿರಲಿಲ್ಲ. ಟಿಎಸ್‌ಎಚ್ ಮಾತ್ರ ಹಾಗೇ 0.01. ಭಾವ ಗಾಬರಿಯಾಗಿ ಫೋನ್ ಮಾಡಿದರು: "ಔಷಧಿ ಕೆಲಸ ಮಾಡ್ತಿಲ್ವೇನಪ್ಪಾ? ಡೋಸ್ ಜಾಸ್ತಿ ಮಾಡಿಸೋಣ್ವಾ?"

ಚಿತ್ರದಲ್ಲಿ ಕಾಲ ಇಲ್ಲ, ಅದೇ ಅದರ ಇನ್ನೊಂದು ಮಿತಿ. ಬಾಣ ನೋಡಿದರೆ ಟಿ4 ಇಳಿದ ಕ್ಷಣವೇ ಟಿಎಸ್‌ಎಚ್ ಏಳಬೇಕು ಅನ್ನಿಸುತ್ತದೆ. ತಿಂಗಳುಗಟ್ಟಲೆ ಸುಮ್ನೆ ಕೂತ ಪಿಟ್ಯುಟರಿ ಕೋಶಗಳು ಮತ್ತೆ ಕೆಲಸಕ್ಕೆ ಇಳಿಯಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಡಾಕ್ಟರ್ ಡೋಸ್ ನಿರ್ಧರಿಸುವುದು ಟಿ4, ಟಿ3 ನೋಡಿ. ಟಿಎಸ್‌ಎಚ್ ನೋಡಿ ಡೋಸ್ ಏರಿಸುತ್ತಾ ಹೋದರೆ ಗದ್ದೆ ನಿಜವಾಗಿಯೂ ಒಣಗುತ್ತದೆ. ಭಾವನಿಗೆ ಇದನ್ನು ಫೋನಿನಲ್ಲಿ ಬಿಡಿಸಿ ಹೇಳುತ್ತಿದ್ದೆ, ಅಷ್ಟರಲ್ಲಿ ಅಕ್ಕ ಫೋನ್ ಇಸಕೊಂಡಳು. ಆ ಹಳೇ ಕವರ್ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾಳಂತೆ, ಅದನ್ನೇ ತಗೊಂಡು ನೋಡುತ್ತಿದ್ದಳು.

"ನೀರು ಹದಕ್ಕೆ ಬಂದಿದೆ ಕಣೋ, ನೀರುಗಂಟಿಗೆ ಇನ್ನೂ ನಂಬಿಕೆ ಬಂದಿಲ್ಲ ಅಷ್ಟೇ. ನಾನು ಇವರಿಗೆ ಹೇಳ್ತೀನಿ ಬಿಡು" ಅಂದಳು.

ಐದನೇ ತಿಂಗಳಿಗೆ ಟಿಎಸ್‌ಎಚ್ 0.3 ಬಂತು.